ಮೊಬೈಲ್ ಫೋನುಗಳಲ್ಲಿ ಎಫ್‌ಎಂ ರೇಡಿಯೊ

ಮೊಬೈಲ್ ಫೋನುಗಳಲ್ಲಿನ ಎಫ್‌ಎಂ ರೇಡಿಯೊ ಎಂಬುದು ಬಾನುಲಿ ಕೇಂದ್ರಗಳು ಪ್ರಸಾರ ಮಾಡುವ ಅಲೆಗಳನ್ನು ನೇರವಾಗಿ ಹಿಡಿದು ಧ್ವನಿಯಾಗಿ ಪರಿವರ್ತಿಸುವ, ಫೋನಿನೊಳಗೇ ಅಳವಡಿಸಲಾದ ರಿಸೀವರ್ ಸೌಲಭ್ಯವಾಗಿದೆ. ಇದು ಕೆಲಸ ಮಾಡಲು ಸಿಮ್ ಕಾರ್ಡ್, ಮೊಬೈಲ್ ಡೇಟಾ ಅಥವಾ ವೈಫೈ ಸಂಪರ್ಕದ ಅಗತ್ಯವಿಲ್ಲ. ಭಾರತದಲ್ಲಿ ಎಫ್‌ಎಂ ಪ್ರಸಾರಕ್ಕೆ 87.5ರಿಂದ 108 ಮೆಗಾಹರ್ಟ್ಸ್‌ವರೆಗಿನ ಆವರ್ತನಗಳನ್ನು ಬಳಸಲಾಗುತ್ತದೆ. ಕೀಪ್ಯಾಡ್ ಫೋನುಗಳಲ್ಲಿ ಈ ಸೌಲಭ್ಯವು ಇಂದಿಗೂ ಸಾಮಾನ್ಯವಾಗಿದ್ದರೂ ಹೆಚ್ಚು ಬೆಲೆಯ ಸ್ಮಾರ್ಟ್‌ಫೋನುಗಳಲ್ಲಿ ವಿರಳವಾಗಿದೆ. ಈ ಲೇಖನವು ಸೌಲಭ್ಯದ ತಾಂತ್ರಿಕ ಸ್ವರೂಪವನ್ನೂ, ಬೆಂಗಳೂರು ದಕ್ಷಿಣದ ಜಯನಗರ, ಜೆ.ಪಿ. ನಗರ, ಬನಶಂಕರಿ ಮತ್ತು ಬಿಟಿಎಂ ಲೇಔಟ್ ಬಡಾವಣೆಗಳಲ್ಲಿ ಡೇಟಾ ಇಲ್ಲದೆ ಇದರ ಪ್ರಯೋಜನ ಪಡೆಯಬಲ್ಲವರು ಯಾರು ಎಂಬುದನ್ನೂ ವಿವರಿಸುತ್ತದೆ.

## ಹಿನ್ನೆಲೆ

2001ರ ಜುಲೈ 3ರಂದು ಬೆಂಗಳೂರಿನಲ್ಲಿ ರೇಡಿಯೊ ಸಿಟಿ ಪ್ರಸಾರ ಆರಂಭಿಸಿತು. ಇದು ಭಾರತದ ಮೊದಲ ಖಾಸಗಿ ಎಫ್‌ಎಂ ಕೇಂದ್ರ. ಅದೇ ವರ್ಷ ನೋಕಿಯಾ ಸಂಸ್ಥೆಯು ಎಫ್‌ಎಂ ರೇಡಿಯೊ ಒಳಗೊಂಡ 8310 ಎಂಬ ಫೋನನ್ನು ಹೊರತಂದಿತು. ಕೆಲವೇ ವರ್ಷಗಳಲ್ಲಿ ಈ ಸೌಲಭ್ಯವು ಕಡಿಮೆ ಬೆಲೆಯ ಫೋನುಗಳಿಗೂ ಬಂದಿತು. ಹೀಗಾಗಿ ನಗರದಲ್ಲಿ ಎಫ್‌ಎಂ ಕೇಂದ್ರಗಳು ಹೆಚ್ಚಿದ ಕಾಲವೂ, ಅವನ್ನು ಕೇಳಬಲ್ಲ ಫೋನುಗಳು ಜನಸಾಮಾನ್ಯರ ಕೈಸೇರಿದ ಕಾಲವೂ ಹೆಚ್ಚುಕಡಿಮೆ ಒಂದೇ ಆಗಿತ್ತು. ಪ್ರತ್ಯೇಕ ರೇಡಿಯೊ ಪೆಟ್ಟಿಗೆಯನ್ನು ಎಂದೂ ಕೊಳ್ಳದ ಅನೇಕರಿಗೆ ಫೋನೇ ರೇಡಿಯೊ ಆಯಿತು.

ಮೊಬೈಲ್ ಅಂತರ್ಜಾಲ ಅಗ್ಗವಾದಂತೆ ಹಾಡುಗಳನ್ನು ಆಪ್‌ಗಳ ಮೂಲಕ ಕೇಳುವುದು ರೂಢಿಯಾಯಿತು. 2016ರಲ್ಲಿ ಬಂದ ಐಫೋನ್ 7ರಲ್ಲಿ 3.5 ಮಿಲಿಮೀಟರಿನ ಹೆಡ್‌ಫೋನ್ ಜ್ಯಾಕನ್ನು ಕೈಬಿಡಲಾಯಿತು. ಮುಂದೆ ಇತರ ತಯಾರಕರೂ ತಮ್ಮ ಹಲವು ಮಾದರಿಗಳಲ್ಲಿ ಇದನ್ನೇ ಅನುಸರಿಸಿದರು. ಕೆಳಗೆ ವಿವರಿಸಿರುವಂತೆ, ಜ್ಯಾಕ್ ಇಲ್ಲವಾದಾಗ ಎಫ್‌ಎಂ ರಿಸೀವರಿನ ಆಂಟೆನಾ ಕೂಡ ಇಲ್ಲವಾಗುತ್ತದೆ.

## ಡೇಟಾ ಇಲ್ಲದೆ ಕೆಲಸ ಮಾಡುವ ಬಗೆ

ಎಫ್‌ಎಂ ಪ್ರಸಾರವು ಏಕಮುಖವಾದುದು. ಕೇಂದ್ರದ ಟ್ರಾನ್ಸ್‌ಮಿಟರ್ ಹೊರಡಿಸಿದ ಅಲೆಯನ್ನು ವ್ಯಾಪ್ತಿಯೊಳಗಿನ ಯಾವ ರಿಸೀವರ್ ಬೇಕಾದರೂ ಹಿಡಿಯಬಹುದು. ಕೇಳುಗನ ಫೋನು ಕೇಂದ್ರಕ್ಕೆ ಯಾವ ಸಂದೇಶವನ್ನೂ ಕಳುಹಿಸುವುದಿಲ್ಲ. ಆದ್ದರಿಂದ ಕೇಳುಗರು ನೂರು ಮಂದಿಯಿದ್ದರೂ ಲಕ್ಷ ಮಂದಿಯಿದ್ದರೂ ಕೇಂದ್ರದ ಮೇಲಿನ ಹೊರೆ ಒಂದೇ. ಅಂತರ್ಜಾಲದ ಮೂಲಕ ಕೇಳುವಾಗ ಸ್ಥಿತಿ ಬೇರೆ. ಅಲ್ಲಿ ಪ್ರತಿಯೊಬ್ಬ ಕೇಳುಗನಿಗೂ ಪ್ರತ್ಯೇಕವಾಗಿ ಧ್ವನಿಯ ಮಾಹಿತಿಯನ್ನು ರವಾನಿಸಬೇಕಾಗುತ್ತದೆ, ಮತ್ತು ಆ ಮಾಹಿತಿ ಕೇಳುಗನ ಡೇಟಾ ಲೆಕ್ಕಕ್ಕೆ ಸೇರುತ್ತದೆ.

ವ್ಯತ್ಯಾಸವನ್ನು ಒಂದು ಲೆಕ್ಕದಿಂದ ತಿಳಿಯಬಹುದು. ಅಂತರ್ಜಾಲದ ರೇಡಿಯೊ ಆಪ್ ಸೆಕೆಂಡಿಗೆ 64 ಕಿಲೋಬಿಟ್ ವೇಗದಲ್ಲಿ ಧ್ವನಿಯನ್ನು ತರುತ್ತದೆ ಎಂದಿಟ್ಟುಕೊಂಡರೆ, ಒಂದು ಗಂಟೆಗೆ 28.8 ಮೆಗಾಬೈಟ್ ಡೇಟಾ ಖರ್ಚಾಗುತ್ತದೆ. ರಾತ್ರಿ 10 ಗಂಟೆಗಳ ಪಾಳಿ ಮಾಡುವ ಕಾವಲುಗಾರನೊಬ್ಬ ಪಾಳಿಯುದ್ದಕ್ಕೂ ಕೇಳಿದರೆ ದಿನಕ್ಕೆ 288 ಮೆಗಾಬೈಟ್, 30 ದಿನಗಳಿಗೆ ಸುಮಾರು 8.6 ಗಿಗಾಬೈಟ್ ಆಗುತ್ತದೆ. ಅದೇ ಕೇಂದ್ರವನ್ನು ಎಫ್‌ಎಂ ರಿಸೀವರಿನಲ್ಲಿ ಕೇಳಿದರೆ ಡೇಟಾ ಖರ್ಚು ಸೊನ್ನೆ. ಬ್ಯಾಟರಿಯ ಬಳಕೆಯೂ ಕಡಿಮೆ. ಏಕೆಂದರೆ ಫೋನು ಮೊಬೈಲ್ ಗೋಪುರದೊಂದಿಗೆ ನಿರಂತರವಾಗಿ ಮಾಹಿತಿ ವಿನಿಮಯ ಮಾಡಬೇಕಾಗಿಲ್ಲ.

## ಫೋನಿನೊಳಗಿನ ಭಾಗಗಳು

ಫೋನಿನಲ್ಲಿ ಎಫ್‌ಎಂ ಕೇಳಲು ರಿಸೀವರ್ ಚಿಪ್, ಆಂಟೆನಾ ಹಾಗೂ ಅವನ್ನು ನಿಯಂತ್ರಿಸುವ ತಂತ್ರಾಂಶ ಈ ಮೂರೂ ಇರಬೇಕು. ಯಾವುದಾದರೊಂದು ಇಲ್ಲದಿದ್ದರೂ ರೇಡಿಯೊ ಕೆಲಸ ಮಾಡದು. ಚಿಪ್ಪಿನಲ್ಲಿ ಎಫ್‌ಎಂ ಇದ್ದೂ ಫೋನಿನಲ್ಲಿ ರೇಡಿಯೊ ಇಲ್ಲದಿರುವ ಸಂದರ್ಭಗಳಿಗೆ ಇದೇ ಕಾರಣ.

### ರಿಸೀವರ್ ಚಿಪ್

ಎಫ್‌ಎಂ ರಿಸೀವರನ್ನು ಸಾಮಾನ್ಯವಾಗಿ ಪ್ರತ್ಯೇಕ ಬಿಡಿಭಾಗವಾಗಿ ಅಳವಡಿಸುವುದಿಲ್ಲ. ವೈಫೈ ಮತ್ತು ಬ್ಲೂಟೂತ್ ಸಂಪರ್ಕ ಒದಗಿಸುವ ಸಂಯುಕ್ತ ಚಿಪ್ಪಿನಲ್ಲಿಯೇ ಅದು ಒಂದು ಭಾಗವಾಗಿರುತ್ತದೆ. ಬ್ರಾಡ್‌ಕಾಮ್‌ನ BCM4330, ಕ್ವಾಲ್ಕಾಮ್‌ನ WCN3680 ಮತ್ತು ಮೀಡಿಯಾಟೆಕ್‌ನ MT6627 ಈ ಬಗೆಯವು. ವೈಫೈಗಾಗಿ ಇಂತಹ ಚಿಪ್ಪನ್ನು ಬಳಸುವ ಫೋನಿನಲ್ಲಿ ಎಫ್‌ಎಂ ರಿಸೀವರ್ ತಾನಾಗಿಯೇ ಇರುತ್ತದೆ. ಆದರೆ ತಯಾರಕರು ಆಂಟೆನಾದ ಸಂಪರ್ಕ ಕೊಡದಿದ್ದರೆ ಅಥವಾ ತಂತ್ರಾಂಶದಲ್ಲಿ ಅದನ್ನು ನಿಷ್ಕ್ರಿಯಗೊಳಿಸಿದರೆ ಬಳಕೆದಾರನಿಗೆ ಅದು ದೊರೆಯುವುದಿಲ್ಲ. ಎಲ್ಲ ಫೋನುಗಳ ಸ್ಥಿತಿಯೂ ಹೀಗೆಯೇ ಇರುವುದಿಲ್ಲ. ಅಮೆರಿಕದಲ್ಲಿ 2017ರ ಚಂಡಮಾರುತಗಳ ನಂತರ ಎಫ್‌ಎಂ ಸಕ್ರಿಯಗೊಳಿಸಬೇಕೆಂಬ ಒತ್ತಾಯ ಬಂದಾಗ, ಐಫೋನ್ 7 ಮತ್ತು 8ರಲ್ಲಿ ಎಫ್‌ಎಂ ಚಿಪ್ ಆಗಲಿ ಅದಕ್ಕೆ ತಕ್ಕ ಆಂಟೆನಾ ಆಗಲಿ ಇಲ್ಲವೆಂದು ಆಪಲ್ ಸಂಸ್ಥೆ ತಿಳಿಸಿತು.

### ಆಂಟೆನಾ

100 ಮೆಗಾಹರ್ಟ್ಸ್ ಆವರ್ತನದ ಅಲೆಯ ಉದ್ದ 3 ಮೀಟರ್. ಅದನ್ನು ಚೆನ್ನಾಗಿ ಹಿಡಿಯಲು ಆ ಉದ್ದದ ಕಾಲುಭಾಗ, ಅಂದರೆ ಸುಮಾರು 75 ಸೆಂಟಿಮೀಟರ್ ಉದ್ದದ ತಂತಿ ಬೇಕು. ಅಂಗೈಯಗಲದ ಫೋನಿನೊಳಗೆ ಅಷ್ಟು ಸ್ಥಳವಿಲ್ಲ. ಆದ್ದರಿಂದ ಒಂದು ಮೀಟರಿಗೂ ತುಸು ಹೆಚ್ಚು ಉದ್ದವಿರುವ ಹೆಡ್‌ಫೋನ್ ತಂತಿಯನ್ನೇ ಆಂಟೆನಾ ಆಗಿ ಬಳಸುವ ಉಪಾಯವನ್ನು ತಯಾರಕರು ಕಂಡುಕೊಂಡರು. ಅದೇ ತಂತಿಯಲ್ಲಿ ಧ್ವನಿಯ ಸಂಕೇತವು ಫೋನಿನಿಂದ ಕಿವಿಗೂ, ರೇಡಿಯೊ ಅಲೆಯ ಸಂಕೇತವು ತಂತಿಯಿಂದ ರಿಸೀವರಿಗೂ ಸಾಗುತ್ತದೆ. ಇವೆರಡರ ಆವರ್ತನಗಳು ಬಹಳ ದೂರವಿರುವುದರಿಂದ ಚಿಕ್ಕ ಬಿಡಿಭಾಗಗಳ ನೆರವಿನಿಂದ ಅವನ್ನು ಬೇರ್ಪಡಿಸಲಾಗುತ್ತದೆ.

ಹೆಡ್‌ಫೋನ್ ಸೇರಿಸದಿದ್ದರೆ ರೇಡಿಯೊ ಆರಂಭವಾಗದಿರುವುದು ಇದರಿಂದಲೇ. ತಂತಿ ಸೇರಿಸಿದ ಮೇಲೆ ಧ್ವನಿಯನ್ನು ಫೋನಿನ ಸ್ಪೀಕರಿನಲ್ಲಿ ಕೇಳುವ ಆಯ್ಕೆ ಹಲವು ಫೋನುಗಳಲ್ಲಿರುತ್ತದೆ. ಆಗಲೂ ತಂತಿಯನ್ನು ತೆಗೆಯುವಂತಿಲ್ಲ. ಒಂದು ಕಿವಿಯ ಕಡೆ ಕೆಟ್ಟುಹೋದ ಹಳೆಯ ಹೆಡ್‌ಫೋನ್ ಕೂಡ ಆಂಟೆನಾ ಆಗಿ ಉಪಯೋಗಕ್ಕೆ ಬರುತ್ತದೆ. ಬ್ಲೂಟೂತ್ ಹೆಡ್‌ಫೋನಿಗೆ ತಂತಿಯಿಲ್ಲದ ಕಾರಣ ಅದು ಆಂಟೆನಾ ಆಗಲಾರದು. ಟೈಪ್-ಸಿ ಜ್ಯಾಕ್ ಮಾತ್ರ ಇರುವ ಫೋನುಗಳಲ್ಲಿ, ಆ ಜ್ಯಾಕಿನಿಂದ ರಿಸೀವರಿಗೆ ಆಂಟೆನಾದ ಸಂಪರ್ಕವನ್ನು ತಯಾರಕರು ಕೊಟ್ಟಿದ್ದರೆ ಮಾತ್ರ ರೇಡಿಯೊ ಕೇಳಲು ಸಾಧ್ಯ.

ಕೆಲವು ಕೀಪ್ಯಾಡ್ ಫೋನುಗಳಲ್ಲಿ ಆಂಟೆನಾವನ್ನು ಫೋನಿನೊಳಗೇ ಅಳವಡಿಸಲಾಗಿರುತ್ತದೆ. ಇದನ್ನು 'ವೈರ್‌ಲೆಸ್ ಎಫ್‌ಎಂ' ಎಂದು ಮಾರಾಟದ ಪೆಟ್ಟಿಗೆಯ ಮೇಲೆ ನಮೂದಿಸಿರುತ್ತಾರೆ. ಒಳಗಿನ ಚಿಕ್ಕ ಆಂಟೆನಾ ಹಿಡಿಯುವ ಸಂಕೇತ ದುರ್ಬಲವಾದುದು. ಆದ್ದರಿಂದ ಬಯಲಿನಲ್ಲಿ ಚೆನ್ನಾಗಿ ಕೇಳಿಸಿದರೂ ಕಟ್ಟಡದ ಒಳಗೆ ಕರಕರ ಸದ್ದು ಬರಬಹುದು; ಹೆಡ್‌ಫೋನ್ ಸೇರಿಸಿದರೆ ಬಹುತೇಕ ಸರಿಹೋಗುತ್ತದೆ.

### ತಂತ್ರಾಂಶ ಮತ್ತು ಪ್ರದೇಶದ ಆಯ್ಕೆ

ತಂತ್ರಾಂಶವು ರಿಸೀವರನ್ನು ಯಾವ ಆವರ್ತನಕ್ಕೆ ಹೊಂದಿಸಬೇಕೆಂದು ನಿರ್ಧರಿಸುತ್ತದೆ. ಭಾರತದ ಫೋನುಗಳಲ್ಲಿ ಇದು 0.1 ಮೆಗಾಹರ್ಟ್ಸ್‌ನ ಹೆಜ್ಜೆಗಳಲ್ಲಿ ಚಲಿಸುತ್ತದೆ. ಅಮೆರಿಕದ ಕ್ರಮದಲ್ಲಿ ಹೆಜ್ಜೆ 0.2 ಮೆಗಾಹರ್ಟ್ಸ್ ಆಗಿದ್ದು, ಕೇಂದ್ರಗಳ ಆವರ್ತನದ ದಶಮಾಂಶ ಅಂಕಿ ಯಾವಾಗಲೂ ಬೆಸಸಂಖ್ಯೆಯಾಗಿರುತ್ತದೆ. ವಿದೇಶದಲ್ಲಿರುವ ಬಂಧುಗಳು ತಂದುಕೊಟ್ಟ ಫೋನಿನಲ್ಲಿ ಅಮೆರಿಕದ ಕ್ರಮವೇ ಉಳಿದಿದ್ದರೆ ಬೆಂಗಳೂರಿನ 91.1, 101.3 ಹಾಗೂ 102.9 ಸರಿಯಾಗಿ ಸಿಗುತ್ತವೆ, ಆದರೆ 90.4 ಮತ್ತು 104.0 ಸಿಗುವುದಿಲ್ಲ ಅಥವಾ ಪಕ್ಕದ ಹೆಜ್ಜೆಯಲ್ಲಿ ಒಡಕು ಧ್ವನಿಯಲ್ಲಿ ಕೇಳಿಸುತ್ತವೆ. ಕೆಲವು ಕೇಂದ್ರಗಳು ಸ್ವಚ್ಛವಾಗಿ ಬರುತ್ತಿದ್ದು ಸಮಸಂಖ್ಯೆಯವು ಮಾತ್ರ ಸಿಗದಿದ್ದರೆ, ದೋಷವಿರುವುದು ಆಂಟೆನಾದಲ್ಲಲ್ಲ, ಪ್ರದೇಶದ ಆಯ್ಕೆಯಲ್ಲಿ ಎಂದು ತಿಳಿಯಬಹುದು.

## ಬೆಂಗಳೂರು ದಕ್ಷಿಣದಲ್ಲಿ ದೊರೆಯುವ ಪ್ರಸಾರ

ಬೆಂಗಳೂರು ಆಕಾಶವಾಣಿಯ ಎಫ್‌ಎಂ ರೇನ್‌ಬೋ 'ಕನ್ನಡ ಕಾಮನಬಿಲ್ಲು' 101.3 ಮೆಗಾಹರ್ಟ್ಸ್‌ನಲ್ಲಿಯೂ, ವಿವಿಧ ಭಾರತಿ 102.9 ಮೆಗಾಹರ್ಟ್ಸ್‌ನಲ್ಲಿಯೂ ಪ್ರಸಾರವಾಗುತ್ತವೆ. ನಗರದ ಖಾಸಗಿ ಕೇಂದ್ರಗಳು 91.1, 91.9, 92.7, 93.5, 94.3 ಹೀಗೆ 0.8 ಮೆಗಾಹರ್ಟ್ಸ್ ಅಂತರದಲ್ಲಿ ಸಾಲಾಗಿ ಬರುತ್ತವೆ. ಒಂದು ಕೇಂದ್ರದ ಪ್ರಸಾರ ಇನ್ನೊಂದಕ್ಕೆ ಅಡ್ಡಿಯಾಗದಿರಲೆಂದು ಇಷ್ಟು ಅಂತರ ಬಿಡಲಾಗಿದೆ.

ಬೆಂಗಳೂರು ಆಕಾಶವಾಣಿಯ ಪ್ರಧಾನ ವಾಹಿನಿಯು 612 ಕಿಲೋಹರ್ಟ್ಸ್ ಮಧ್ಯಮ ತರಂಗದ ಪ್ರಸಾರ. ಫೋನಿನ ಎಫ್‌ಎಂ ರಿಸೀವರ್ ಇದನ್ನು ಹಿಡಿಯಲಾರದು. ಆ ಅಲೆಯ ಉದ್ದ ಸುಮಾರು 490 ಮೀಟರ್ ಆಗಿದ್ದು ಅದಕ್ಕೆ ಬೇರೆಯದೇ ಬಗೆಯ ಆಂಟೆನಾ ಮತ್ತು ರಿಸೀವರ್ ಬೇಕು. ಮನೆಯಲ್ಲಿ ಹಳೆಯ ಟ್ರಾನ್ಸಿಸ್ಟರಿನಲ್ಲಿ ಈ ವಾಹಿನಿಯನ್ನು ಕೇಳುತ್ತಿದ್ದ ಹಿರಿಯರಿಗೆ ಫೋನಿನಲ್ಲಿ ಅದು ಸಿಗದಿರುವುದಕ್ಕೆ ಇದು ಕಾರಣ.

ಜೈನ್ ವಿಶ್ವವಿದ್ಯಾಲಯ ನಡೆಸುವ ರೇಡಿಯೊ ಆಕ್ಟಿವ್ 90.4 ಮೆಗಾಹರ್ಟ್ಸ್‌ನಲ್ಲಿ ಪ್ರಸಾರವಾಗುವ ಸಮುದಾಯ ಬಾನುಲಿ. 2007ರಲ್ಲಿ ಆರಂಭವಾದ ಈ ಕೇಂದ್ರವು ಪೌರಸಮಸ್ಯೆಗಳು, ತ್ಯಾಜ್ಯ ಆಯುವವರು ಹಾಗೂ ಲೈಂಗಿಕ ಅಲ್ಪಸಂಖ್ಯಾತರ ಕುರಿತ ಕಾರ್ಯಕ್ರಮಗಳನ್ನು ರೂಪಿಸಿದೆ. ಕೇಂದ್ರ ಸರ್ಕಾರದ 2006ರ ನೀತಿಯ ಪ್ರಕಾರ ಸಮುದಾಯ ಬಾನುಲಿಯ ಕಾರ್ಯಕ್ರಮಗಳಲ್ಲಿ ಕನಿಷ್ಠ ಅರ್ಧದಷ್ಟು ಸ್ಥಳೀಯ ಸಮುದಾಯದ ಪಾಲ್ಗೊಳ್ಳುವಿಕೆಯಿಂದ ಸಿದ್ಧವಾಗಬೇಕು. ಅದೇ ನೀತಿಯು ಪ್ರಸಾರದ ಪರಿಣಾಮಕಾರಿ ಶಕ್ತಿಯನ್ನು ಸಾಮಾನ್ಯವಾಗಿ 100 ವ್ಯಾಟ್‌ಗೂ, ಆಂಟೆನಾದ ಎತ್ತರವನ್ನು ನೆಲದಿಂದ 30 ಮೀಟರಿಗೂ ಮಿತಿಗೊಳಿಸಿದೆ. ನಗರದ ದೊಡ್ಡ ಕೇಂದ್ರಗಳ ಶಕ್ತಿಯನ್ನು ಕಿಲೋವ್ಯಾಟ್‌ಗಳಲ್ಲಿ ಅಳೆಯಲಾಗುತ್ತದೆ. ಆದ್ದರಿಂದ ಒಂದೇ ಫೋನಿನಲ್ಲಿ, ಒಂದೇ ಕೋಣೆಯಲ್ಲಿ 101.3 ಸ್ಪಷ್ಟವಾಗಿ ಕೇಳಿಸಿ 90.4 ಮಂದವಾಗಿ ಕೇಳಿಸುವುದು ಸಹಜ. ಇದು ಫೋನಿನ ದೋಷವಲ್ಲ.

### ಪ್ರಸಾರವಾಗುವ ವಿಷಯದ ಮಿತಿ

ಖಾಸಗಿ ಎಫ್‌ಎಂ ಕೇಂದ್ರಗಳು ಸ್ವತಂತ್ರವಾಗಿ ಸುದ್ದಿ ಪ್ರಸಾರ ಮಾಡಲು 2011ರ ಮೂರನೆಯ ಹಂತದ ನೀತಿಯಲ್ಲಿ ಅನುಮತಿಯಿಲ್ಲ. ಆಕಾಶವಾಣಿಯ ವಾರ್ತೆಗಳನ್ನು ಬದಲಾಯಿಸದೆ ಮರುಪ್ರಸಾರ ಮಾಡಬಹುದು. ಆದರೆ ಸಂಚಾರ, ಹವಾಮಾನ, ಪರೀಕ್ಷೆ ಮತ್ತು ಫಲಿತಾಂಶ, ಉದ್ಯೋಗಾವಕಾಶ, ಹಾಗೆಯೇ ಸ್ಥಳೀಯ ಆಡಳಿತ ನೀಡುವ ವಿದ್ಯುತ್, ನೀರು ಸರಬರಾಜು, ಪ್ರಕೃತಿ ವಿಕೋಪ ಮತ್ತು ಆರೋಗ್ಯ ಕುರಿತ ಪ್ರಕಟಣೆಗಳನ್ನು ಆ ನೀತಿಯು ಸುದ್ದಿಯೆಂದು ಪರಿಗಣಿಸುವುದಿಲ್ಲ. ಡೇಟಾ ಇಲ್ಲದ ಕೇಳುಗನಿಗೆ ನಿತ್ಯದ ಬದುಕಿನಲ್ಲಿ ಬೇಕಾಗುವ ಮಾಹಿತಿಯ ಬಹುಭಾಗ ಈ ಪಟ್ಟಿಯಲ್ಲೇ ಇದೆ. ಕಾವೇರಿ ನೀರಿನ ಪೂರೈಕೆ ನಿಲ್ಲುವ ದಿನ, ವಿದ್ಯುತ್ ಕಡಿತದ ಬಡಾವಣೆಗಳು, ಮಳೆಯಲ್ಲಿ ಮುಚ್ಚಿದ ರಸ್ತೆ ಇವು ಎಫ್‌ಎಂನಲ್ಲಿ ಬರಬಹುದಾದ ವಿಷಯಗಳು.

## ಪ್ರಯೋಜನ ಪಡೆಯುವವರು

### ಕರೆ ಮಾತ್ರದ ಯೋಜನೆಯವರು

ಭಾರತೀಯ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರವು 2024ರ ಡಿಸೆಂಬರಿನಲ್ಲಿ ಹೊರಡಿಸಿದ ತಿದ್ದುಪಡಿಯ ಮೂಲಕ, ಡೇಟಾ ಸೇರದ, ಕರೆ ಮತ್ತು ಎಸ್‌ಎಂಎಸ್ ಮಾತ್ರ ಇರುವ ರೀಚಾರ್ಜ್ ಯೋಜನೆಗಳನ್ನು ಒದಗಿಸುವಂತೆ ಮೊಬೈಲ್ ಕಂಪನಿಗಳಿಗೆ ಸೂಚಿಸಿತು. ಅಂತರ್ಜಾಲ ಬಳಸದವರೂ ಡೇಟಾಕ್ಕೆ ಹಣ ತೆರಬೇಕಾದ ಸ್ಥಿತಿಯನ್ನು ತಪ್ಪಿಸುವುದು ಇದರ ಉದ್ದೇಶವಾಗಿತ್ತು. ಇಂತಹ ಯೋಜನೆಯನ್ನು ಆರಿಸಿಕೊಂಡವರಿಗೆ ಫೋನಿನಲ್ಲಿ ನೇರ ಪ್ರಸಾರ ಕೇಳಲು ಎಫ್‌ಎಂ ರಿಸೀವರ್ ಮುಖ್ಯ ದಾರಿಯಾಗುತ್ತದೆ. ಮಕ್ಕಳಿಂದ ಬರುವ ಕರೆಗಾಗಿ ಮಾತ್ರ ಫೋನು ಇಟ್ಟುಕೊಂಡಿರುವ ಹಿರಿಯರು ಮತ್ತು ಕೀಪ್ಯಾಡ್ ಫೋನು ಬಳಸುವ ಮನೆಗೆಲಸದವರು ಈ ಗುಂಪಿಗೆ ಸೇರುತ್ತಾರೆ. ರೀಚಾರ್ಜಿನ ಅವಧಿ ಮುಗಿದು ಹೊರಹೋಗುವ ಕರೆ ನಿಂತ ಮೇಲೂ ರೇಡಿಯೊ ನಿಲ್ಲುವುದಿಲ್ಲ.

### ಕೈ ಮತ್ತು ಕಣ್ಣು ಕೆಲಸದಲ್ಲಿರುವವರು

ಹೊಲಿಗೆಯಂತ್ರದ ಮುಂದೆ ಕುಳಿತ ದರ್ಜಿ, ಇಸ್ತ್ರಿ ಗಾಡಿಯವರು, ಹೂ ಕಟ್ಟುವವರು, ಕ್ಷೌರದಂಗಡಿಯವರು, ಕಟ್ಟಡ ಕಾಯುವವರು ಇಂತಹವರ ಕೆಲಸ ದೀರ್ಘಕಾಲದ್ದು. ಅವರಿಗೆ ಬೇಕಾದುದು ಒಮ್ಮೆ ಹಾಕಿದರೆ ತಾನಾಗಿ ಮುಂದುವರಿಯುವ ಧ್ವನಿ. ಆಪ್‌ನಲ್ಲಿ ಮುಂದಿನ ಹಾಡನ್ನು ಆರಿಸುವುದು, ಜಾಹೀರಾತನ್ನು ಒತ್ತಿ ದಾಟುವುದು ಮೊದಲಾದವು ಕೈಯನ್ನು ಕೆಲಸದಿಂದ ಬಿಡಿಸುತ್ತವೆ. ಎಫ್‌ಎಂನಲ್ಲಿ ಈ ತೊಡಕಿಲ್ಲ. ದೃಷ್ಟಿದೋಷ ಇರುವವರಿಗೂ ಕೀಪ್ಯಾಡ್ ಫೋನಿನ ಉಬ್ಬಿದ ಗುಂಡಿಗಳಿಂದ ಕೇಂದ್ರ ಬದಲಿಸುವುದು, ಸ್ಪರ್ಶಪರದೆಯಲ್ಲಿ ಚಿಹ್ನೆ ಹುಡುಕುವುದಕ್ಕಿಂತ ಸುಲಭವಾಗುತ್ತದೆ.

### ಜಾಲ ಕಡಿದುಹೋದಾಗ

ಬೆಂಗಳೂರಿನಲ್ಲಿ ಜೋರು ಮಳೆಯಾದಾಗ ಸಿಲ್ಕ್‌ಬೋರ್ಡ್ ಜಂಕ್ಷನ್ ಮತ್ತು ಬಿಟಿಎಂ ಲೇಔಟ್ ಸುತ್ತಮುತ್ತ ನೀರು ನಿಲ್ಲುವುದು ಪದೇಪದೇ ಕಂಡುಬಂದಿದೆ. 2025ರ ಮೇ ತಿಂಗಳ ಮಳೆಯಲ್ಲಿಯೂ ಹೀಗಾಯಿತು. ಇಂತಹ ಸಂದರ್ಭದಲ್ಲಿ ವಿದ್ಯುತ್ ಕಡಿತವಾದರೆ ಮನೆಯ ವೈಫೈ ನಿಲ್ಲುತ್ತದೆ. ಮೊಬೈಲ್ ಗೋಪುರಗಳು ಬ್ಯಾಟರಿ ಇರುವಷ್ಟು ಹೊತ್ತು ಮಾತ್ರ ನಡೆಯುತ್ತವೆ, ಮತ್ತು ಎಲ್ಲರೂ ಒಮ್ಮೆಗೇ ಬಳಸುವುದರಿಂದ ಡೇಟಾ ನಿಧಾನವಾಗುತ್ತದೆ. ಒಂದೊಂದು ಬಡಾವಣೆಗೂ ಹಲವು ಗೋಪುರಗಳು ಬೇಕಾಗುವ ಮೊಬೈಲ್ ಜಾಲಕ್ಕೆ ಹೋಲಿಸಿದರೆ, ಇಡೀ ನಗರಕ್ಕೆ ಒಂದೇ ಟ್ರಾನ್ಸ್‌ಮಿಟರ್ ಸಾಕಾಗುವ ಎಫ್‌ಎಂ ಕೇಂದ್ರವನ್ನು ಜನರೇಟರಿನ ನೆರವಿನಿಂದ ನಡೆಸುವುದು ಸರಳ.

ತುರ್ತು ಎಚ್ಚರಿಕೆಗಾಗಿ ಭಾರತದಲ್ಲಿ ಸೆಲ್ ಬ್ರಾಡ್‌ಕಾಸ್ಟ್ ವ್ಯವಸ್ಥೆಯನ್ನೂ ರೂಪಿಸಲಾಗಿದೆ. ಕರ್ನಾಟಕದ ಫೋನುಗಳಿಗೆ 2023ರ ಅಕ್ಟೋಬರಿನಲ್ಲಿ ಇದರ ಪರೀಕ್ಷಾರ್ಥ ಸಂದೇಶ ಕಳುಹಿಸಲಾಗಿತ್ತು. ಇದಕ್ಕೂ ಡೇಟಾ ಬೇಕಿಲ್ಲ. ಆದರೆ ಹತ್ತಿರದ ಗೋಪುರ ಕೆಲಸ ಮಾಡುತ್ತಿರಬೇಕು. ಅದರ ಸಂದೇಶವು ರೇಡಿಯೊ ಹಾಕಿರದ ಫೋನಿನಲ್ಲಿಯೂ ಸದ್ದು ಮಾಡುತ್ತದೆ. ಎಫ್‌ಎಂ ಪ್ರಸಾರವು ಕೇಳುತ್ತಿರುವವರಿಗೆ ಮಾತ್ರ ತಲುಪುತ್ತದೆ. ಆದರೆ ಗೋಪುರ ನಿಂತ ಮೇಲೂ ತಲುಪುತ್ತದೆ. ಹೀಗಾಗಿ ಇವೆರಡೂ ಒಂದರ ಬದಲಿಗೆ ಇನ್ನೊಂದು ಬಳಸುವಂತಹವಲ್ಲ.

## ಸ್ವೀಕೃತಿಯ ತೊಡಕುಗಳು

ಎಫ್‌ಎಂ ಅಲೆಗಳು ಕಟ್ಟಡಗಳಿಗೆ ತಾಗಿ ಪ್ರತಿಫಲಿಸುತ್ತವೆ. ನೇರವಾಗಿ ಬಂದ ಅಲೆಯೂ ಪ್ರತಿಫಲಿಸಿದ ಅಲೆಯೂ ಆಂಟೆನಾದಲ್ಲಿ ಕೂಡುವಾಗ ಕೆಲವು ಸ್ಥಳಗಳಲ್ಲಿ ಒಂದನ್ನೊಂದು ಬಲಪಡಿಸುತ್ತವೆ, ಕೆಲವೆಡೆ ಅಳಿಸಿಹಾಕುತ್ತವೆ. ಅಲೆಯ ಉದ್ದ 3 ಮೀಟರ್ ಆದುದರಿಂದ ಮುಕ್ಕಾಲು ಮೀಟರಿನಷ್ಟು, ಅಂದರೆ ಒಂದೆರಡು ಹೆಜ್ಜೆ ಸರಿದರೂ ಧ್ವನಿ ಸರಿಹೋಗಬಹುದು. ಜಾಗ ಬದಲಿಸಿದಾಗ ಅಥವಾ ತಂತಿಯನ್ನು ಬಿಡಿಸಿ ಉದ್ದವಾಗಿ ಹಿಡಿದಾಗ ಕರಕರ ಸದ್ದು ಕಡಿಮೆಯಾದರೆ ತೊಡಕು ಸ್ವೀಕೃತಿಯದೇ ಹೊರತು ಫೋನಿನದಲ್ಲ. ಸಂಕೇತ ದುರ್ಬಲವಿರುವಲ್ಲಿ ಸ್ಟೀರಿಯೊ ಬದಲು ಮೋನೊ ಆಯ್ಕೆ ಮಾಡುವುದರಿಂದಲೂ ಸದ್ದು ತಗ್ಗುತ್ತದೆ, ಏಕೆಂದರೆ ಸ್ಟೀರಿಯೊ ಧ್ವನಿಗೆ ಹೆಚ್ಚು ಬಲವಾದ ಸಂಕೇತ ಬೇಕು.

ಇದಕ್ಕೆ ಉದಾಹರಣೆಯಾಗಿ ಜೆ.ಪಿ. ನಗರದ ಒಂದು ಸಾಮಾನ್ಯ ವಸತಿ ಸಮುಚ್ಚಯದ ಕಾವಲುಗಾರನ ಸ್ಥಿತಿಯನ್ನು ಗಮನಿಸಬಹುದು. ಗೇಟಿನ ಪಕ್ಕದ ಕಾವಲುಕೋಣೆಯಲ್ಲಿ ಆತನ ಕೀಪ್ಯಾಡ್ ಫೋನು ಹೆಡ್‌ಫೋನ್ ಇಲ್ಲದೆಯೇ 101.3 ಮತ್ತು 91.1 ಎರಡನ್ನೂ ಹಿಡಿಯುತ್ತದೆ. 90.4 ಕೇಳಬೇಕಾದರೆ ತಂತಿ ಸೇರಿಸಬೇಕಾಗುತ್ತದೆ. ಸುತ್ತು ಹಾಕಲು ನೆಲಮಾಳಿಗೆಯ ವಾಹನ ನಿಲುಗಡೆಗೆ ಇಳಿದೊಡನೆ ಎಲ್ಲ ಕೇಂದ್ರಗಳೂ ಕ್ಷೀಣಿಸುತ್ತವೆ. ಕಾಂಕ್ರೀಟಿನೊಳಗಿನ ಕಬ್ಬಿಣದ ಸರಳುಗಳ ಜಾಲದಲ್ಲಿನ ಸಂದುಗಳು 3 ಮೀಟರಿನ ಅಲೆಗೆ ಬಹಳ ಕಿರಿದು. ಆದ್ದರಿಂದ ಆ ಜಾಲವು ತಡೆಯಂತೆ ವರ್ತಿಸುತ್ತದೆ. ಅದೇ ಸ್ಥಳದಲ್ಲಿ ಕರೆ ಬರುವುದು ಮುಂದುವರಿಯಬಹುದು, ಏಕೆಂದರೆ ಮೊಬೈಲ್ ಜಾಲದ 1800 ಮೆಗಾಹರ್ಟ್ಸ್ ಅಲೆಯ ಉದ್ದ ಸುಮಾರು 17 ಸೆಂಟಿಮೀಟರ್ ಆಗಿದ್ದು ಅದು ಚಿಕ್ಕ ತೆರಪುಗಳಲ್ಲಿಯೂ ನುಸುಳುತ್ತದೆ, ಮತ್ತು ಗೋಪುರವೂ ಹತ್ತಿರವಿರುತ್ತದೆ. ಇಳಿಜಾರಿನ ಬಾಯಿಗೆ ಮರಳಿ ಬಂದಾಗ ರೇಡಿಯೊ ಮತ್ತೆ ಕೇಳಿಸುತ್ತದೆ.

ನಮ್ಮ ಮೆಟ್ರೋದ ಹಸಿರು ಮಾರ್ಗದಲ್ಲಿಯೂ ಇದೇ ಅನುಭವವಾಗುತ್ತದೆ. ಬನಶಂಕರಿಯಿಂದ ಜಯನಗರ, ಸೌತ್ ಎಂಡ್ ವೃತ್ತದ ಮೂಲಕ ನ್ಯಾಷನಲ್ ಕಾಲೇಜಿನವರೆಗೆ ಮಾರ್ಗವು ಮೇಲ್ಸೇತುವೆಯ ಮೇಲಿರುವುದರಿಂದ ಎಫ್‌ಎಂ ಕೇಳಬಹುದು. ಅಲ್ಲಿಂದ ಮುಂದೆ ಕೃಷ್ಣರಾಜೇಂದ್ರ ಮಾರುಕಟ್ಟೆಯ ಕಡೆಗೆ ರೈಲು ಸುರಂಗಕ್ಕೆ ಇಳಿದಾಗ ಧ್ವನಿ ಮರೆಯಾಗುತ್ತದೆ.

## ನಿಜವಾದ ರಿಸೀವರನ್ನು ಗುರುತಿಸುವುದು

ಆಪ್ ಮಳಿಗೆಯಲ್ಲಿ 'ಎಫ್‌ಎಂ' ಎಂಬ ಹೆಸರಿನಲ್ಲಿ ಸಿಗುವ ಅನೇಕ ಆಪ್‌ಗಳು ಅಂತರ್ಜಾಲದ ಮೂಲಕ ಧ್ವನಿ ತರುವಂತಹವು. ಆಕಾಶವಾಣಿಯ ನ್ಯೂಸ್‌ಆನ್‌ಏರ್ ಆಪ್ ಕೂಡ ಡೇಟಾ ಬಳಸುತ್ತದೆ. ರಿಸೀವರ್ ಇಲ್ಲದ ಫೋನಿಗೆ ಯಾವ ಆಪ್ ಹಾಕಿದರೂ ನಿಜವಾದ ಎಫ್‌ಎಂ ಬರುವುದಿಲ್ಲ. ಎರಡನ್ನೂ ಗುರುತಿಸಲು ಮೊಬೈಲ್ ಡೇಟಾ ಮತ್ತು ವೈಫೈಗಳನ್ನು ಆರಿಸಿ, ತಂತಿಯ ಹೆಡ್‌ಫೋನ್ ಸೇರಿಸಿ ಪರೀಕ್ಷಿಸಲಾಗುತ್ತದೆ. ಆಗಲೂ ಕೇಂದ್ರ ಕೇಳಿಸಿದರೆ ಅದು ರಿಸೀವರಿನಿಂದ ಬಂದ ಧ್ವನಿ. ಈ ಪರೀಕ್ಷೆಗೆ ಏರೋಪ್ಲೇನ್ ಮೋಡ್ ಬಳಸುವುದು ಸರಿಯಲ್ಲ. ಕೆಲವು ಫೋನುಗಳು ಆ ಸ್ಥಿತಿಯಲ್ಲಿ ಎಫ್‌ಎಂ ರಿಸೀವರನ್ನೂ ನಿಲ್ಲಿಸುತ್ತವೆ.

ಕಾಲದ ಅಂತರವೂ ಒಂದು ಗುರುತು. ಅಂತರ್ಜಾಲದ ಪ್ರಸಾರವು ಹಲವು ಸೆಕೆಂಡುಗಳಷ್ಟು ತಡವಾಗಿ ಬರುತ್ತದೆ. ಪಕ್ಕದಲ್ಲಿ ಆಟೋರಿಕ್ಷಾದ ರೇಡಿಯೊದಲ್ಲಿ ಅದೇ ಕೇಂದ್ರ ನಡೆಯುತ್ತಿದ್ದು ಎರಡೂ ಧ್ವನಿಗಳು ಕೂಡಿಬಂದರೆ ಫೋನಿನಲ್ಲಿರುವುದು ನಿಜವಾದ ಎಫ್‌ಎಂ. ಫೋನಿನ ಧ್ವನಿ ಹಿಂದೆ ಬಿದ್ದರೆ ಅದು ಡೇಟಾ ಮೂಲಕ ಬಂದದ್ದು.

## ಸರ್ಕಾರದ ಕ್ರಮಗಳು

ಭಾರತ ಸರ್ಕಾರದ ಎಲೆಕ್ಟ್ರಾನಿಕ್ಸ್ ಮತ್ತು ಮಾಹಿತಿ ತಂತ್ರಜ್ಞಾನ ಸಚಿವಾಲಯವು 2023ರ ಏಪ್ರಿಲ್‌ನಲ್ಲಿ ಫೋನು ತಯಾರಕರ ಸಂಘಟನೆಗಳಿಗೆ ಸಲಹಾಪತ್ರ ಕಳುಹಿಸಿತು. ಎಫ್‌ಎಂ ರಿಸೀವರ್ ಇರುವ ಫೋನುಗಳಲ್ಲಿ ಅದನ್ನು ನಿಷ್ಕ್ರಿಯಗೊಳಿಸದೆ ಸಕ್ರಿಯವಾಗಿಡಬೇಕು, ಇಲ್ಲದ ಫೋನುಗಳಲ್ಲಿ ಸೇರಿಸಬಹುದು ಎಂದು ಅದರಲ್ಲಿ ಹೇಳಲಾಗಿತ್ತು. ಸ್ವಂತ ರೇಡಿಯೊ ಕೊಳ್ಳಲಾಗದವರಿಗೆ ಮತ್ತು ವಿಪತ್ತಿನ ಕಾಲದ ಮುನ್ನೆಚ್ಚರಿಕೆಗೆ ಫೋನಿನ ಎಫ್‌ಎಂ ನೆರವಾಗುತ್ತದೆ ಎಂಬುದು ಅದರ ಕಾರಣ. ಅದೇ ವರ್ಷದ ಸೆಪ್ಟೆಂಬರಿನಲ್ಲಿ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರವೂ ಅಗತ್ಯ ಯಂತ್ರಾಂಶವಿರುವ ಎಲ್ಲ ಫೋನುಗಳಲ್ಲಿ ಎಫ್‌ಎಂ ಸಕ್ರಿಯವಾಗಿರಬೇಕೆಂದು ಶಿಫಾರಸು ಮಾಡಿತು. ಖಾಸಗಿ ಕೇಂದ್ರಗಳಿಗೆ ಪ್ರತಿ ಗಂಟೆಗೆ 10 ನಿಮಿಷ ಮೀರದಂತೆ ಸುದ್ದಿ ಪ್ರಸಾರಕ್ಕೆ ಅವಕಾಶ ನೀಡಬೇಕೆಂಬುದೂ ಅದೇ ಶಿಫಾರಸುಗಳಲ್ಲಿತ್ತು.

ಈ ಕ್ರಮಗಳಿಂದ ಆಗಬಹುದಾದುದಕ್ಕೆ ತಾಂತ್ರಿಕ ಮಿತಿಯಿದೆ. ತಂತ್ರಾಂಶದಲ್ಲಿ ಮಾತ್ರ ಮುಚ್ಚಿಟ್ಟ ಎಫ್‌ಎಂ ಅನ್ನು ತಯಾರಕರು ಹೊಸ ಆವೃತ್ತಿಯ ಮೂಲಕ ತೆರೆಯಬಲ್ಲರು. ಆಂಟೆನಾದ ಸಂಪರ್ಕವೇ ಇಲ್ಲದ ಫೋನು ಈಗಾಗಲೇ ಮಾರಾಟವಾಗಿದ್ದರೆ ಯಾವ ಆದೇಶದಿಂದಲೂ ಅದಕ್ಕೆ ರೇಡಿಯೊ ಬರಲಾರದು. ಅಂತಹ ಫೋನುಳ್ಳವರು ಡೇಟಾ ಇಲ್ಲದ ಸಮಯದಲ್ಲಿ ಎಫ್‌ಎಂ ಕೇಳಬೇಕಾದರೆ ಪ್ರತ್ಯೇಕ ರೇಡಿಯೊವನ್ನಾಗಲಿ ಎಫ್‌ಎಂ ಇರುವ ಕೀಪ್ಯಾಡ್ ಫೋನನ್ನಾಗಲಿ ಇಟ್ಟುಕೊಳ್ಳಬೇಕಾಗುತ್ತದೆ.